'ಗಢೂಳ ಪಾಣಿ' ಎಂದು ಬರೆದರೆ ಸಾಲದು

ನಮ್ಮ ಕಡೆಯ ಹೌಸಿಂಗ್ ಸೊಸೈಟಿಗಳು ನೀರಿನ ಕಚೇರಿಗೆ ಬರೆಯುವ ಪತ್ರಗಳೆಲ್ಲ ಹೆಚ್ಚುಕಮ್ಮಿ ಒಂದೇ ಅಚ್ಚಿನವು. ಮೇಲೆ ಸೊಸೈಟಿಯ ಹೆಸರು, ರಿಜಿಸ್ಟ್ರೇಷನ್ ನಂಬರು. ಅದರ ಕೆಳಗೆ ಮರಾಠಿಯಲ್ಲಿ 'ವಿಷಯ: ಅನಿಯಮಿತ್ ವ ಗಢೂಳ್ ಪಾಣಿಪುರವಠ್ಯಾಬಾಬತ್'. ಆಮೇಲೆ ಕೆಲವು ದಿನಗಳಿಂದ ನೀರು ಹೊತ್ತಿಗೆ ಸರಿಯಾಗಿ ಬರುತ್ತಿಲ್ಲ, ಬಂದರೂ ಕಂದು ಬಣ್ಣದ್ದು, ಮಕ್ಕಳು ಮುದುಕರು ಕಾಯಿಲೆ ಬೀಳುತ್ತಿದ್ದಾರೆ, ತಾವು ತಕ್ಷಣ ಗಮನ ಹರಿಸಬೇಕು ಎಂಬ ಮಾತುಗಳು. ಕೊನೆಯಲ್ಲಿ ಚೇರ್‌ಮನ್, ಸೆಕ್ರೆಟರಿ, ಖಜಾಂಚಿಯ ಸಹಿ, ಮೂರು ಮೊಹರು. ಆವಕ ವಿಭಾಗದಲ್ಲಿ ನಕಲಿನ ಮೇಲೆ ಠಸ್ಸೆ ಹಾಕಿಸಿಕೊಂಡು ಬಂದರೆ ಕಮಿಟಿಯ ಕೆಲಸ ಮುಗಿಯಿತು.

ಡೊಂಬಿವಲಿಯ ನಮ್ಮ ಸೊಸೈಟಿಯೂ ಹಿಂದಿನ ವರ್ಷ ಇಂಥದೇ ಒಂದು ಪತ್ರ ಕೊಟ್ಟಿತ್ತು. ಮೂರು ವಾರದ ನಂತರ ಬಂದ ಉತ್ತರ ಒಂದೇ ಸಾಲಿನದು: ತಮ್ಮ ಕಟ್ಟಡದ ನೀರಿನ ಟಾಕಿಗಳನ್ನು ಸ್ವಚ್ಛಗೊಳಿಸಿಕೊಳ್ಳಬೇಕು. ಕಮಿಟಿಯವರಿಗೆ ಸಿಟ್ಟು ಬಂತು. ಆದರೆ ಆ ಉತ್ತರವನ್ನು ತಪ್ಪು ಎನ್ನಲು ನಮ್ಮ ಪತ್ರದಲ್ಲಿ ಏನೂ ಇರಲಿಲ್ಲ. ನೀರು ಎಲ್ಲಿ ಕಂದಾಗುತ್ತದೆ, ರಸ್ತೆಯ ಪೈಪಿನಲ್ಲೋ ನಮ್ಮ ಟಾಕಿಯಲ್ಲೋ ಎಂಬುದನ್ನು ಪತ್ರ ಹೇಳಿರಲಿಲ್ಲ. ಹೇಳದಿದ್ದಾಗ ಕಚೇರಿ ತನಗೆ ಅನುಕೂಲವಾದ ಜಾಗವನ್ನೇ ಆರಿಸಿಕೊಳ್ಳುತ್ತದೆ.

ಈ ವರ್ಷ ಮಳೆಗಾಲ ಕಳೆದು ನವೆಂಬರ್ ಬಂದರೂ ಬಣ್ಣ ಹೋಗಲಿಲ್ಲ. ಬಿ ವಿಂಗ್‌ನ ಎರಡು ಮಕ್ಕಳಿಗೆ ಕಾಮಾಲೆಯಾಯಿತು. ಹೊಸ ಪತ್ರದ ಕರಡು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. "ತುಮ್ಹಾಲಾ ಲಿಹಾಯಚಿ ಸವಯ್ ಆಹೆ," ಎಂದರು ಚೇರ್‌ಮನ್ ಕಾಕಾ. ನಿಮಗೆ ಬರೆಯುವ ಅಭ್ಯಾಸ ಇದೆಯಲ್ಲ ಎಂದು. ಆದರೆ ಈ ಪತ್ರಕ್ಕೆ ಬೇಕಾದದ್ದು ಭಾಷೆಗಿಂತ ಹೆಚ್ಚಾಗಿ ಹದಿನಾಲ್ಕು ದಿನದ ಲೆಕ್ಕ, ಒಂದು ಬಿದಿರು ಕೋಲು ಮತ್ತು ಕೆಲವು ಖಾಲಿ ಬಾಟಲಿಗಳು. ಆ ಪತ್ರ ತಯಾರಾದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಠಾಣೆಯಿಂದ ಪನವೇಲ್‌ವರೆಗೆ ಎಷ್ಟೋ ಕಮಿಟಿಗಳಲ್ಲಿ ನಮ್ಮವರಿದ್ದಾರೆ, ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಮೊದಲು ನೀರು ಯಾರದು ಎಂದು ತಿಳಿಯಬೇಕು. ನಮ್ಮ ಸೀಮೆಯಲ್ಲಿ ಇದು ನೇರ ಪ್ರಶ್ನೆಯಲ್ಲ. ಕಲ್ಯಾಣ–ಡೊಂಬಿವಲಿಯ ನೀರಿನ ಮೂಲ ಉಲ್ಹಾಸ್ ನದಿ. ಲೋನಾವಳದ ಆಚೆ ಘಟ್ಟದ ಮೇಲಿನ ಆಂಧ್ರ ಜಲಾಶಯದಿಂದ ಟಾಟಾದವರು ಭಿವಪುರಿಯಲ್ಲಿ ವಿದ್ಯುತ್ ತಯಾರಿಸಿ ಬಿಡುವ ನೀರೂ, ಬದಲಾಪುರದ ಹತ್ತಿರದ ಬಾರವಿ ಅಣೆಕಟ್ಟಿನ ನೀರೂ ಆ ನದಿಗೇ ಬಂದು ಸೇರುತ್ತವೆ. ನದಿಯಿಂದ ಮಹಾನಗರಪಾಲಿಕೆ ತಾನೇ ಎತ್ತಿ ಶುದ್ಧೀಕರಿಸಿ ಕೊಡುವ ಭಾಗಗಳಿವೆ. ಕೈಗಾರಿಕಾ ಅಭಿವೃದ್ಧಿ ಮಂಡಳಿ, ಅಂದರೆ ಎಂಐಡಿಸಿ, ಜಾಂಭುಳದಲ್ಲಿ ಶುದ್ಧೀಕರಿಸಿದ ನೀರು ಹೋಗುವ ಭಾಗಗಳೂ ಇವೆ. 2015ರಲ್ಲಿ ಪಾಲಿಕೆಗೆ ಸೇರಿಸಿದ 27 ಹಳ್ಳಿಗಳ ಕಡೆ ನೀರು ಒಬ್ಬರದು, ಒಳಗಿನ ಪೈಪುಗಳು ಇನ್ನೊಬ್ಬರವು ಎಂಬ ಸ್ಥಿತಿ. ಠಾಣೆ ನಗರಕ್ಕೆ ನಾಲ್ಕು ಕಡೆಯಿಂದ ನೀರು ಬರುತ್ತದೆ. ನವಿ ಮುಂಬಯಿಗೆ ಮಾತ್ರ ಮೋರಬೆ ಎಂಬ ಸ್ವಂತ ಅಣೆಕಟ್ಟಿದೆ. ಆದ್ದರಿಂದ ಪತ್ರದಲ್ಲಿ ನಿಮ್ಮ ನೀರಿನ ಬಿಲ್ಲಿನ ಮೇಲಿರುವ ಗ್ರಾಹಕ ಸಂಖ್ಯೆಯನ್ನೂ ಮೀಟರ್ ಸಂಖ್ಯೆಯನ್ನೂ ಮೊದಲೇ ಬರೆಯಬೇಕು. ಅದಿಲ್ಲದಿದ್ದರೆ ಪತ್ರ ಈ ಮೇಜಿನಿಂದ ಆ ಮೇಜಿಗೆ ಹೋಗುತ್ತಲೇ ಇರುತ್ತದೆ.

ಇನ್ನು ಬಣ್ಣದ ಮಾತು. ಮರಾಠಿಯ 'ಗಢೂಳ' ಎಂಬ ಒಂದೇ ಪದ ಎಲ್ಲ ಬಗೆಯ ಕೊಳೆ ನೀರಿಗೂ ಸಲ್ಲುತ್ತದೆ. ಕನ್ನಡದಲ್ಲಿ ಯೋಚಿಸಿದಾಗ ನನಗೆ ಮೂರು ನಾಲ್ಕು ಪದಗಳು ಬಂದವು, ಒಂದೊಂದೂ ಬೇರೆ ಬೇರೆ ಕಾರಣವನ್ನು ತೋರಿಸುವಂತಿತ್ತು. ಮಳೆಗಾಲದ ಮೊದಲ ಪ್ರವಾಹದಲ್ಲಿ ಹೊಳೆಗೆ ಬರುವುದು ಕೆನ್ನೀರು. ಅದರಲ್ಲಿರುವುದು ಮಣ್ಣು. ಜೂನ್–ಜುಲೈಯಲ್ಲಿ ನದಿ ಕೆಂಪಾದಾಗ ಶುದ್ಧೀಕರಣ ಘಟಕಕ್ಕೆ ಪಟಿಕ ಎಷ್ಟು ಹಾಕಿದರೂ ಸಾಲದೆ, ಊರಿಗೆ ಊರೇ ಮಸುಕು ನೀರು ಕುಡಿಯುವ ದಿನಗಳಿರುತ್ತವೆ. ತಳದಲ್ಲಿ ಕೂತದ್ದು ಕಲಕಿ ಮೇಲೆದ್ದರೆ ಅದು ಬಗ್ಗಡ. ತೊಳೆಯದ ಟಾಕಿಯಲ್ಲಿ ಆಗುವುದು ಇದು. ಗಟಾರದ ನೀರು ಸೇರಿದರೆ ರಾಡಿ, ಅದಕ್ಕೆ ವಾಸನೆಯೂ ಇರುತ್ತದೆ. ಕಬ್ಬಿಣದ ಪೈಪಿನ ತುಕ್ಕು ಎದ್ದು ಬಂದರೆ ಅದಕ್ಕೆ ನಮ್ಮಲ್ಲಿ ಬೇರೆ ಹೆಸರಿಲ್ಲ, ತುಕ್ಕುನೀರು ಎನ್ನೋಣ.

ಇವುಗಳನ್ನು ಮನೆಯಲ್ಲೇ ಒಂದು ಮಟ್ಟಿಗೆ ಬೇರೆ ಮಾಡಬಹುದು. ನೀರನ್ನು ಪಾರದರ್ಶಕ ಬಾಟಲಿಯಲ್ಲಿ ರಾತ್ರಿಯಿಡೀ ಅಲುಗಿಸದೆ ಇಡಬೇಕು. ಮಣ್ಣಾದರೆ ತಳದಲ್ಲಿ ಮೆತ್ತನೆಯ ಬೂದುಗಂದು ಪದರ ಕೂರುತ್ತದೆ. ತುಕ್ಕಾದರೆ ಕೂತದ್ದು ಕೆಂಗಂದು ಪುಡಿ, ಕೆಲವೊಮ್ಮೆ ಸಣ್ಣ ಹಕ್ಕಳೆಗಳೂ ಇರುತ್ತವೆ. ಆ ಗಸಿಯನ್ನು ಬಿಳಿ ಬಟ್ಟೆಗೆ ಒರೆಸಿ ಒಣಗಿಸಿದರೆ ಉಳಿಯುವ ಕಿತ್ತಳೆ ಕಲೆ ಸೋಪಿಗೆ ಹೋಗುವುದಿಲ್ಲ, ನಿಂಬೆಹಣ್ಣಿನ ರಸ ಹಚ್ಚಿ ಬಿಸಿಲಿಗಿಟ್ಟರೆ ತಿಳಿಯಾಗುತ್ತದೆ. ಮಣ್ಣಿನ ಕಲೆಗೆ ನಿಂಬೆರಸ ಏನೂ ಮಾಡದು. ಹಿಡಿಯುವಾಗ ತಿಳಿಯಾಗಿದ್ದು ಒಂದೆರಡು ಗಂಟೆಯಲ್ಲಿ ತಾನಾಗಿ ಹಳದಿಗೆ ತಿರುಗಿದರೆ ಅದು ಕರಗಿದ ಕಬ್ಬಿಣ, ಬಹುಮಟ್ಟಿಗೆ ಬೋರ್‌ವೆಲ್ ನೀರು ಎಲ್ಲೋ ಸೇರುತ್ತಿದೆ ಎಂದರ್ಥ. ನಮ್ಮ ಬಾಟಲಿಯಲ್ಲಿ ಕಂಡದ್ದು ಕೆಂಗಂದು ಪುಡಿ, ನಡುವೆ ಒಂದಿಷ್ಟು ಕಪ್ಪು ಕೆಸರು.

ಏನು ಎಂದು ತಿಳಿದರೂ ಎಲ್ಲಿಂದ ಎಂಬುದು ಉಳಿಯುತ್ತದೆ. ಅದಕ್ಕೆ ನಾವು ಮಾಡಿದ್ದು ಸುಲಭದ ಕೆಲಸ. ಮೊದಲು ನೆಲದಡಿಯ ಟಾಕಿ ಮತ್ತು ಮೇಲಿನ ಮೂರೂ ಟಾಕಿಗಳನ್ನು ತೊಳೆಸಿ, ತೊಳೆದವನ ರಸೀದಿಯನ್ನು ಫೈಲಿಗೆ ಹಾಕಿದೆವು. ಹಿಂದಿನ ಉತ್ತರ ಮತ್ತೆ ಬರದಂತೆ ಬಾಗಿಲು ಹಾಕಿದ ಹಾಗೆ. ಆಮೇಲೆ ಮೀಟರಿನ ಪಕ್ಕದಲ್ಲಿ, ನೀರು ಟಾಕಿಗೆ ಬೀಳುವ ಮೊದಲೇ, ಪ್ಲಂಬರನಿಂದ ಒಂದು ಸಣ್ಣ ನಲ್ಲಿ ಕೂರಿಸಿದೆವು. ಬೆಳಿಗ್ಗೆ ನೀರು ಬಂದ ಐದನೆಯ ನಿಮಿಷಕ್ಕೆ ಆ ನಲ್ಲಿಯಿಂದ ಒಂದು ಬಾಟಲಿ, ಮುಕ್ಕಾಲು ಗಂಟೆಯ ಮೇಲೆ ಅದೇ ನಲ್ಲಿಯಿಂದ ಇನ್ನೊಂದು, ಮೇಲಿನ ಟಾಕಿಯಿಂದ ಮತ್ತೊಂದು. ಪ್ರತಿಯೊಂದರ ಮೇಲೆ ತಾರೀಖು, ಗಂಟೆ, ಜಾಗ. ಮೂರನ್ನೂ ಸಾಲಾಗಿಟ್ಟು ಫೋಟೊ ತೆಗೆದರೆ ಮಾತೇ ಬೇಡ: ಮೊದಲನೆಯದು ಹಾಲಿಲ್ಲದ ಚಹಾದ ಬಣ್ಣ, ಎರಡನೆಯದು ಹೆಚ್ಚುಕಮ್ಮಿ ತಿಳಿ. ಮೂರನೆಯದು ಎರಡರ ನಡುವೆ. ಬಣ್ಣ ಟಾಕಿಗೆ ಬೀಳುವ ಮೊದಲೇ ಇದೆ ಎಂದಾಯಿತು. ಲೆಕ್ಕ ತಿರುಗುಮುರುಗಾಗಿ, ಮೀಟರಿನ ಹತ್ತಿರ ತಿಳಿ ಇದ್ದು ಮೇಲೆ ಕಂದಾಗಿದ್ದರೆ, ಪತ್ರವನ್ನು ಅಲ್ಲೇ ಹರಿದು ಹಾಕಿ ಟಾಕಿಯನ್ನೋ ಕಟ್ಟಡದ ಒಳಗಿನ ಪೈಪನ್ನೋ ನೋಡಬೇಕಿತ್ತು.

ಇನ್ನೊಂದು ಸುಳಿವು ಗಲ್ಲಿಯಲ್ಲಿ ನಡೆದಾಗ ಸಿಕ್ಕಿತು. ನಮ್ಮ ಗಲ್ಲಿಯಲ್ಲಿ ಒಂದೇ ಪೈಪಿನ ಮೇಲೆ ಆರು ಕಟ್ಟಡಗಳಿವೆ. ಮುಖ್ಯ ರಸ್ತೆಯ ಕಡೆಯ ಮೂರಕ್ಕೆ ನವೆಂಬರಿನಲ್ಲಿ ತಿಳಿ ನೀರು. ನಾಲ್ಕನೆಯದರಿಂದ ಕಂದು. ಆರನೆಯದಾದ ನಮ್ಮ ಕಟ್ಟಡದ ಗೋಡೆಗೆ ಪೈಪು ಮುಗಿಯುತ್ತದೆ, ಮುಂದೆ ಎಲ್ಲಿಗೂ ಹೋಗುವುದಿಲ್ಲ. ದೋಷ ನದಿಯದೋ ಶುದ್ಧೀಕರಣ ಘಟಕದ್ದೋ ಆಗಿದ್ದರೆ ಆರಕ್ಕೂ ಒಂದೇ ಬಣ್ಣ ಬರಬೇಕಿತ್ತು. ಇಲ್ಲಿ ದೋಷ ಗಲ್ಲಿಯ ಕೊನೆಯ ನೂರೈವತ್ತು ಅಡಿಯೊಳಗಿದೆ. ಹೀಗೆ ಮುಗಿದುಹೋಗುವ ಪೈಪಿನ ಕೊನೆಯಲ್ಲಿ ನೀರಿನ ವೇಗ ಕಡಿಮೆ, ಹಾಗಾಗಿ ಕೂತದ್ದು ಅಲ್ಲೇ ಕೂತಿರುತ್ತದೆ.

ಇಷ್ಟಾದ ಮೇಲೆ ನನಗೆ ಮುಖ್ಯವೆನಿಸಿದ್ದು ಬೇರೆ. ಪತ್ರಗಳಲ್ಲಿ ನಾವು 'ಅನಿಯಮಿತ' ಮತ್ತು 'ಗಢೂಳ' ಎಂಬ ಎರಡು ದೂರುಗಳನ್ನು ಅಕ್ಕಪಕ್ಕ ಬರೆಯುತ್ತೇವೆ, ಒಂದು ಗಂಟೆಗಳ ಸಮಸ್ಯೆ, ಇನ್ನೊಂದು ಬಣ್ಣದ ಸಮಸ್ಯೆ ಎಂಬಂತೆ. ವಾಸ್ತವದಲ್ಲಿ ಎರಡನೆಯದು ಬಹಳ ಮಟ್ಟಿಗೆ ಮೊದಲನೆಯದರ ಮಗು. ದಿನವಿಡೀ ತುಂಬಿ ಹರಿಯುವ ಪೈಪಿನೊಳಗೆ ನೀರಿನ ಒತ್ತಡ ಹೊರಮುಖವಾಗಿರುತ್ತದೆ. ಎಲ್ಲಾದರೂ ಸಂದು ಇದ್ದರೆ ನೀರು ಹೊರಗೆ ಸೋರುತ್ತದೆ, ಹೊರಗಿನದು ಒಳಗೆ ಬರುವುದಿಲ್ಲ. ವಾಲ್ವ್ ಮುಚ್ಚಿದಾಗ ಕಥೆ ಬದಲಾಗುತ್ತದೆ. ತಗ್ಗಿನಲ್ಲಿರುವ ಮನೆಗಳು ಉಳಿದ ನೀರನ್ನು ಎಳೆದುಕೊಳ್ಳುತ್ತವೆ, ಪೈಪು ಖಾಲಿಯಾಗುತ್ತದೆ, ಒಳಗೆ ಹೀರುವ ಒತ್ತಡ ಹುಟ್ಟುತ್ತದೆ. ಯಾರಾದರೂ ಪೈಪಿಗೇ ನೇರವಾಗಿ ಪಂಪು ಹಚ್ಚಿದ್ದರೆ ಆ ಹೀರಿಕೆ ಇನ್ನೂ ಜೋರು. ಆಗ ಅದೇ ಸಂದಿನಿಂದ ಸುತ್ತಲಿನ ಕೆಸರು, ಪೈಪು ಗಟಾರದೊಳಗೆ ಹಾದುಹೋಗಿದ್ದರೆ ಗಟಾರದ ನೀರು, ಒಳಗೆ ಬರುತ್ತದೆ. ಖಾಲಿ ಪೈಪಿನ ಒದ್ದೆ ಗೋಡೆಗೆ ಗಾಳಿ ತಾಗಿ ತುಕ್ಕು ಬೇಗ ಹತ್ತುತ್ತದೆ. ಮರುದಿನ ವಾಲ್ವ್ ತೆರೆದಾಗ ನೀರು ಮುಂದಿನ ಗಾಳಿಯನ್ನು ಫುಸ್ ಫುಸ್ ಎಂದು ತಳ್ಳಿಕೊಂಡು, ಗೋಡೆಗೆ ಅಂಟಿದ್ದನ್ನು ಕೆರೆದುಕೊಂಡು ಬರುತ್ತದೆ. ಮೊದಲ ಬಕೆಟ್ಟಿನ ಬಣ್ಣ ಅದು.

ಇದು ಊಹೆಯಲ್ಲ, ನಮ್ಮ ಹದಿನಾಲ್ಕು ದಿನದ ಪಟ್ಟಿಯಲ್ಲೇ ಕಂಡಿತು. ವಾಚ್‌ಮನ್‌ನ ಕ್ಯಾಬಿನ್ನಿನಲ್ಲಿ ಒಂದು ರೂಲುಪಟ್ಟಿಯ ಹಾಳೆ ತೂಗುಹಾಕಿದ್ದೆವು. ನೀರು ಶುರುವಾದ ಹೊತ್ತು, ನಿಂತ ಹೊತ್ತು, ಬಣ್ಣ ತಿಳಿಯಾಗಲು ಹಿಡಿದ ನಿಮಿಷ, ಮೀಟರ್ ರೀಡಿಂಗ್ ಎಂದು ನಾಲ್ಕು ಕಾಲಂ. ಕಚೇರಿ ಹೇಳಿದ ಸಮಯ ಬೆಳಿಗ್ಗೆ 5:30ರಿಂದ 7:30. ಬಂದದ್ದು ಕೆಲವು ದಿನ 5:20ಕ್ಕೆ, ಕೆಲವು ದಿನ 6:50ಕ್ಕೆ, ಸರಾಸರಿ ಒಂದು ಗಂಟೆ ಮುಕ್ಕಾಲು. ದುರಸ್ತಿಗಾಗಿ ಬಂದ್ ಎಂಬ ಸೂಚನೆಯೊಂದಿಗೆ ಎರಡು ದಿನ ನೀರೇ ಇಲ್ಲ. ಇಂಥ ಸೂಚನೆಗಳ ಕೊನೆಯಲ್ಲಿ ಮರುದಿನ 'ಕಮಿ ದಾಬಾನೆ', ಅಂದರೆ ಕಡಿಮೆ ಒತ್ತಡದಲ್ಲಿ ನೀರು ಬರುತ್ತದೆ ಎಂದು ಇರುವುದನ್ನು ನೀವೂ ಓದಿರುತ್ತೀರಿ. ಸಾಮಾನ್ಯ ದಿನಗಳಲ್ಲಿ ಬಣ್ಣ ಎಂಟು ಹತ್ತು ನಿಮಿಷದಲ್ಲಿ ತಿಳಿಯಾದರೆ, ಬಂದ್ ಆದ ಮರುದಿನ ಒಮ್ಮೆ 35, ಇನ್ನೊಮ್ಮೆ 40 ನಿಮಿಷ ಹಿಡಿಯಿತು. ಈ ಎರಡು ಅಂಕಿಗಳು ಇಡೀ ಪತ್ರದ ಬೆನ್ನೆಲುಬು.

ಎಷ್ಟು ನೀರು ಬಂತು ಎಂಬ ಲೆಕ್ಕಕ್ಕೆ ಮೀಟರನ್ನು ಮಾತ್ರ ನಂಬುವಂತಿಲ್ಲ. ಖಾಲಿ ಪೈಪಿನ ಗಾಳಿಯೂ ಮೀಟರಿನ ಚಕ್ರವನ್ನು ತಿರುಗಿಸುತ್ತದೆ. ಆದ್ದರಿಂದ ಬಿದಿರು ಕೋಲು. ನಮ್ಮ ನೆಲದಡಿಯ ಟಾಕಿ ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಅಗಲ. ಅದರಲ್ಲಿ ನೀರು ಹತ್ತು ಸೆಂಟಿಮೀಟರ್ ಏರಿದರೆ 1,200 ಲೀಟರ್. ನೀರು ಬರುವಷ್ಟು ಹೊತ್ತು ಮೇಲಕ್ಕೆ ಎತ್ತುವ ಪಂಪನ್ನು ನಿಲ್ಲಿಸಿ, ಮೊದಲು ಮತ್ತು ಕೊನೆಗೆ ಕೋಲು ಅದ್ದಿ ಅಳೆದೆವು. ನೀರು ಬಂದ ಹನ್ನೆರಡು ದಿನದಲ್ಲಿ ದಿನಕ್ಕೆ ಸರಾಸರಿ 125 ಸೆಂಟಿಮೀಟರ್, ಅಂದರೆ 15,000 ಲೀಟರ್. ಒಟ್ಟು 1,80,000 ಲೀಟರ್. ಮೀಟರ್ ತೋರಿಸಿದ್ದು 204 ಯೂನಿಟ್, ಅಂದರೆ 2,04,000 ಲೀಟರ್. ನಡುವಿನ 24 ಯೂನಿಟ್ಟಿನಲ್ಲಿ ದೊಡ್ಡ ಪಾಲು ಗಾಳಿಯೇ ಇರಬೇಕು, ಬಿಲ್ಲು ಮಾತ್ರ ನೀರಿನದು.

ನಮ್ಮಲ್ಲಿ 48 ಮನೆ. ಮನೆಗೆ ನಾಲ್ವರಂತೆ 192 ಜನ. ಹದಿನಾಲ್ಕು ದಿನಕ್ಕೆ ಹಂಚಿದರೆ ತಲೆಗೆ ದಿನಕ್ಕೆ 67 ಲೀಟರ್. ಒಳಚರಂಡಿ ಇರುವ ನಗರಗಳಿಗೆ ಕೇಂದ್ರ ಸರ್ಕಾರದ ನೀರು ಸರಬರಾಜು ಕೈಪಿಡಿ ಹೇಳುವುದು 135 ಲೀಟರ್. ಅರ್ಧ. ಉಳಿದ ಅರ್ಧಕ್ಕೆ ಟ್ಯಾಂಕರ್ ರಸೀದಿಗಳಿವೆ, ಅವನ್ನೂ ಲಗತ್ತಿಸಿದೆವು.

ಇಲ್ಲಿ ಇನ್ನೊಂದು ಗಂಟು ಇದೆ. ಕಂದು ನೀರನ್ನು ಟಾಕಿಗೆ ಬಿಡದೆ ಹೊರಗೆ ಚೆಲ್ಲಿ ಎಂದು ಎಲ್ಲರೂ ಸಲಹೆ ಕೊಡುತ್ತಾರೆ. ಪೈಪಿಗೆ ಒಂದು ಕವಲು ಕೊಟ್ಟು ವಾಲ್ವ್ ಹಾಕಿದರೆ ಚೆಲ್ಲುವುದು ಕಷ್ಟವಲ್ಲ. ಆದರೆ ನಮ್ಮ ಪೈಪಿನಲ್ಲಿ ನಿಮಿಷಕ್ಕೆ ಸುಮಾರು 140 ಲೀಟರ್ ಬರುತ್ತದೆ. ನಲವತ್ತು ನಿಮಿಷ ಚೆಲ್ಲಿದರೆ 5,600 ಲೀಟರ್, ಆ ದಿನದ ನೀರಿನ ಮೂರನೆಯ ಒಂದು ಪಾಲಿಗಿಂತ ಹೆಚ್ಚು, ಅದೂ ಹಿಂದಿನ ದಿನ ಹನಿಯೂ ಬಾರದ ಮೇಲೆ. "ಚೆಲ್ಲೋದು ಹೇಗಪ್ಪಾ, ಹೊಟ್ಟೆ ಉರಿಯುತ್ತೆ," ಎಂದರು ಎ ವಿಂಗ್‌ನಲ್ಲಿರುವ ಕುಂದಾಪುರ ಕಡೆಯ ಅಕ್ಕ. ನೀರು ಕಡಿಮೆ ಇರುವವರು ಕೊಳೆ ನೀರನ್ನೂ ಟಾಕಿಗೆ ಬಿಟ್ಟುಕೊಳ್ಳುತ್ತಾರೆ. ಕೊರತೆ ಹೀಗೆ ಕೊಳೆಯನ್ನು ಮನೆಯೊಳಕ್ಕೆ ಕರೆತರುತ್ತದೆ.

ಪತ್ರ ಬರೆಯುವಾಗ ಕಮಿಟಿಯಲ್ಲಿ ವಾದವಾದದ್ದು ಕಾಮಾಲೆಯ ಬಗ್ಗೆ. 'ತಮ್ಮ ನೀರಿನಿಂದ ನಮ್ಮ ಮಕ್ಕಳಿಗೆ ಕಾಮಾಲೆ' ಎಂದೇ ಬರೆಯಬೇಕೆಂದು ಮಕ್ಕಳ ತಂದೆಯರಲ್ಲಿ ಒಬ್ಬರು ಹಟ ಹಿಡಿದರು. ಅವರ ನೋವು ಅರ್ಥವಾಗುವಂಥದು. ಆದರೆ ಕಾಮಾಲೆ ಪಾನಿಪುರಿಯಿಂದಲೂ ಬರಬಹುದು, ಶಾಲೆಯ ನೀರಿನಿಂದಲೂ ಬರಬಹುದು. ಸಾಬೀತು ಮಾಡಲಾಗದ ಒಂದು ವಾಕ್ಯ ಇದ್ದರೆ ಉತ್ತರ ಅದೊಂದಕ್ಕೇ ಬರುತ್ತದೆ, ಸಾಬೀತಾದ ಹತ್ತು ವಾಕ್ಯಗಳು ಪಕ್ಕಕ್ಕೆ ಸರಿಯುತ್ತವೆ. ಕೊನೆಗೆ, 'ಅಕ್ಟೋಬರ್ ನಂತರ ಇಬ್ಬರು ಮಕ್ಕಳಿಗೆ ಕಾಮಾಲೆಯಾಗಿದೆ, ವೈದ್ಯರ ಚೀಟಿ ಲಗತ್ತಿಸಿದೆ, ಆದ್ದರಿಂದ ಜೀವಾಣು ಪರೀಕ್ಷೆ ತುರ್ತಾಗಿ ಬೇಕು' ಎಂದಷ್ಟೇ ಬರೆದೆವು. ಪಕ್ಕದ ಕಟ್ಟಡದವರು ಪೈಪಿಗೆ ನೇರ ಪಂಪು ಹಚ್ಚಿದ್ದಾರೆಂದು ಪ್ಲಂಬರ್ ಹೇಳಿದ್ದ. ಅವರ ಹೆಸರು ಹಾಕಲಿಲ್ಲ. ಗಲ್ಲಿಯ ಆರೂ ಜೋಡಣೆಗಳನ್ನು ಪರಿಶೀಲಿಸಿ ಎಂದು ಕೇಳಿದೆವು, ನಮ್ಮದನ್ನೂ ಸೇರಿಸಿ.

ಪತ್ರದ ಮುಖ್ಯ ಭಾಗ ಕನ್ನಡದಲ್ಲಿ ಹೇಳಿದರೆ ಹೀಗಿತ್ತು:

"ಮಾನ್ಯರೇ, ನಮ್ಮ ಕಟ್ಟಡಕ್ಕೆ ಬರುವ ನೀರು ಮೀಟರಿನ ಬಳಿಯೇ ಕಂದು ಬಣ್ಣದ್ದಾಗಿರುತ್ತದೆ. ಟಾಕಿಗಳನ್ನು ಇದೇ ತಿಂಗಳು ತೊಳೆಸಿದ್ದೇವೆ, ರಸೀದಿ ಲಗತ್ತು 1. ಗಲ್ಲಿಯ ಮೊದಲ ಮೂರು ಕಟ್ಟಡಗಳಿಗೆ ತಿಳಿ ನೀರು, ಕೊನೆಯ ಮೂರಕ್ಕೆ ಕಂದು ನೀರು ಬರುತ್ತಿದೆ. ನೀರು ಬಂದ್ ಆದ ಮರುದಿನ ಬಣ್ಣ 35ರಿಂದ 40 ನಿಮಿಷ ಇರುತ್ತದೆ, ಹದಿನಾಲ್ಕು ದಿನದ ಪಟ್ಟಿ ಲಗತ್ತು 2. ದಯವಿಟ್ಟು ಮಾಡಬೇಕಾದದ್ದು: ಒಂದು, ಬಂದ್ ಆದ ಮರುದಿನ ಬೆಳಿಗ್ಗೆ ನಮ್ಮ ಸಮಕ್ಷಮದಲ್ಲಿ ಮೀಟರಿನ ಬಳಿ ನೀರು ಪಡೆದು ಪರೀಕ್ಷಿಸುವುದು. ಎರಡು, ಗಲ್ಲಿಯ ಕೊನೆಯ ವಾಶ್‌ಔಟ್ ವಾಲ್ವ್ ತೆರೆದು ಪೈಪು ತೊಳೆಯುವುದು. ಮೂರು, ನಾಲ್ಕನೆಯ ಕಟ್ಟಡದಿಂದ ಮುಂದೆ ಪೈಪು ಗಟಾರವನ್ನು ದಾಟುವ ಜಾಗಗಳನ್ನು ಅಗೆದು ನೋಡುವುದು. ನಾಲ್ಕು, ನೀರು ಬಿಡುವ ನಿಶ್ಚಿತ ಸಮಯವನ್ನು ಲಿಖಿತವಾಗಿ ತಿಳಿಸುವುದು."

ಒಂದೂವರೆ ಪುಟ. ಎಂಟನೆಯ ದಿನ ಜೂನಿಯರ್ ಇಂಜಿನಿಯರ್ ಫೋನು ಮಾಡಿದರು. ಮುಂದಿನ ಬಂದ್‌ನ ಮರುದಿನ ಬೆಳಿಗ್ಗೆ ಅವರೂ ಪ್ರಯೋಗಾಲಯದ ಹುಡುಗನೂ ಚಾವಿವಾಲಾನೂ ಬಂದರು. ಜೀವಾಣು ಪರೀಕ್ಷೆಗೆ ನಮ್ಮ ಬಾಟಲಿ ನಡೆಯುವುದಿಲ್ಲ. ಅದಕ್ಕೆ ಬೇಯಿಸಿ ಶುದ್ಧ ಮಾಡಿದ ಬಾಟಲಿ ಬೇಕು, ನೀರಿನಲ್ಲಿರುವ ಕ್ಲೋರಿನ್ ದಾರಿಯಲ್ಲೇ ಜೀವಾಣುಗಳನ್ನು ಕೊಂದುಹಾಕದಂತೆ ಅದರೊಳಗೆ ಥಯೋಸಲ್ಫೇಟ್ ಹಾಕಿರುತ್ತಾರೆ, ಮಂಜುಗಡ್ಡೆಯಲ್ಲಿಟ್ಟು ಅದೇ ದಿನ ಮುಟ್ಟಿಸಬೇಕು. ಐದನೆಯ ನಿಮಿಷದ್ದೊಂದು, ಮುಕ್ಕಾಲು ಗಂಟೆಯದೊಂದು ಹಿಡಿದುಕೊಂಡು ಹೋದರು.

ಫಲಿತಾಂಶ ಬಂದಾಗ ಮೊದಲನೆಯದರ ಕಲಕು 38 ಎನ್‌ಟಿಯು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಅದು 1 ಇರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 5ರವರೆಗೆ ಸಹಿಸಬಹುದು. ಉಳಿಕೆ ಕ್ಲೋರಿನ್ ಕನಿಷ್ಠ 0.2 ಮಿಲಿಗ್ರಾಂ ಇರಬೇಕಾದಲ್ಲಿ ಸೊನ್ನೆ. ಕೋಲಿಫಾರ್ಮ್ ಜೀವಾಣು ಇದೆ. ಎರಡನೆಯ ಬಾಟಲಿಯಲ್ಲಿ ಕಲಕು 3, ಕ್ಲೋರಿನ್ 0.2, ಜೀವಾಣು ಇಲ್ಲ. ಒಂದೇ ನಲ್ಲಿ, ಒಂದೇ ಬೆಳಗು. ಕಚೇರಿಯವರು ತಾವಾಗಿ ತಡವಾಗಿ ಬಂದು ಹಿಡಿದಿದ್ದರೆ ಎರಡನೆಯ ಬಾಟಲಿ ಮಾತ್ರ ಸಿಗುತ್ತಿತ್ತು, 'ನೀರು ಸುರಕ್ಷಿತ' ಎಂಬ ವರದಿ ಪ್ರಾಮಾಣಿಕವಾಗಿಯೇ ಬರುತ್ತಿತ್ತು.

ನೀರನ್ನು ಎಲ್ಲಿ ಯಾವಾಗ ಹಿಡಿದರು ಎಂಬುದರ ಬೆಲೆ ಜಗತ್ತಿಗೆ ಗೊತ್ತಾದದ್ದು ಅಮೆರಿಕದ ಫ್ಲಿಂಟ್ ಎಂಬ ಊರಿನಲ್ಲಿ. 2014ರ ಏಪ್ರಿಲ್‌ನಲ್ಲಿ ಖರ್ಚು ಉಳಿಸಲು ಆ ಊರಿನ ನೀರಿನ ಮೂಲವನ್ನು ಫ್ಲಿಂಟ್ ನದಿಗೆ ಬದಲಿಸಿದರು. ಪೈಪು ಸವೆಯದಂತೆ ನೀರಿಗೆ ಸೇರಿಸಬೇಕಾದ ರಾಸಾಯನಿಕವನ್ನು ಸೇರಿಸಲಿಲ್ಲ. ಜನ ಕಂದು ನೀರಿನ ಬಾಟಲಿಗಳನ್ನು ಸಭೆಗಳಿಗೆ ಹಿಡಿದು ಬಂದರು, ನೀರು ಸರಿಯಾಗಿದೆ ಎಂಬ ಉತ್ತರ ಸಿಕ್ಕಿತು. ಅದೇ ಅಕ್ಟೋಬರಿನಲ್ಲಿ ಜನರಲ್ ಮೋಟರ್ಸ್ ತನ್ನ ಎಂಜಿನ್ ಭಾಗಗಳಿಗೆ ತುಕ್ಕು ಹಿಡಿಯುತ್ತದೆಂದು ಆ ನೀರನ್ನು ಬಿಟ್ಟಿತು. 2015ರಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದವರು ಸುಮಾರು 300 ಪರೀಕ್ಷಾ ಕಿಟ್‌ಗಳನ್ನು ನಿವಾಸಿಗಳಿಗೆ ಹಂಚಿದರು. ಯಾವಾಗ, ಹೇಗೆ ಹಿಡಿಯಬೇಕೆಂದು ಹೇಳಿಕೊಟ್ಟರು, 252 ಮನೆಗಳ ನೀರು ವಾಪಸು ಬಂತು. ಅದರಲ್ಲಿ ಕಂಡದ್ದು ಸೀಸ. ಕಂದು ಬಣ್ಣ ಕಬ್ಬಿಣದ್ದು, ಕಣ್ಣಿಗೆ ಕಾಣುವಂಥದು. ಮಕ್ಕಳಿಗೆ ವಿಷವಾದ ಸೀಸಕ್ಕೆ ಬಣ್ಣವಿಲ್ಲ. ನಮ್ಮ ಗಲ್ಲಿಯಲ್ಲೂ ತುಕ್ಕಿಗಿಂತ ಹೆದರಬೇಕಾದದ್ದು ಅದರ ಜೊತೆಗೆ ಬರುವ, ಕಾಣದ ಗಟಾರದ ಅಂಶಕ್ಕೆ. ಕೊಳೆಯೇ ಕ್ಲೋರಿನ್ನನ್ನು ತಿಂದುಹಾಕುವುದರಿಂದ ಆ ಹೊತ್ತಿನಲ್ಲಿ ನೀರಿಗೆ ಯಾವ ಕಾವಲೂ ಇರುವುದಿಲ್ಲ. ಕುದಿಸಿದರೆ ಜೀವಾಣು ಸಾಯುತ್ತದೆ, ತುಕ್ಕು ಹಾಗೇ ಉಳಿಯುತ್ತದೆ.

ಆಮೇಲೆ ನಡೆದದ್ದು ಅರ್ಧ ಗೆಲುವು. ವಾಶ್‌ಔಟ್ ವಾಲ್ವ್ ಡಾಂಬರಿನಡಿ ಹೂತುಹೋಗಿತ್ತು. ಅಗೆದು ತೆರೆದಾಗ ಇಪ್ಪತ್ತು ನಿಮಿಷ ಕೆಂಪು ನೀರು ಗಟಾರಕ್ಕೆ ಹರಿಯಿತು. ಐದನೆಯ ಕಟ್ಟಡದ ಮುಂದೆ ಪೈಪಿನ ಒಂದು ಜೋಡಣೆ ಗಟಾರದ ನೀರಿನಲ್ಲೇ ಮುಳುಗಿದ್ದು, ಅದನ್ನು ಬದಲಿಸಿದರು. ಆದರೆ ಮುಖ್ಯ ಪೈಪಿನಿಂದ ನಮ್ಮ ಮೀಟರಿನವರೆಗಿನ ತುಂಡೂ ಗಟಾರದ ಪಕ್ಕದಲ್ಲೇ ಇದ್ದು ಜರಡಿಯಂತಾಗಿತ್ತು. ಕಟ್ಟಡದಷ್ಟೇ ವಯಸ್ಸಾದ ಜಿಐ ಪೈಪು. "ಆ ತುಂಡು ಗ್ರಾಹಕರದು, ನೀವೇ ಹಾಕಿಸಿಕೊಳ್ಳಬೇಕು," ಎಂದರು ಇಂಜಿನಿಯರ್. ಜೋಡಣೆಯ ಷರತ್ತಿನಲ್ಲಿ ಹಾಗೇ ಇದೆ. ವಿಶೇಷ ಸಭೆ ಕರೆದು, ಮನೆಗೆ ಇಷ್ಟೆಂದು ಎತ್ತಿ, ಗಟಾರದಿಂದ ದೂರ ಮತ್ತು ಎತ್ತರದಲ್ಲಿ ಹೊಸ ಪೈಪು ಹಾಕಿಸಿದೆವು. ಪತ್ರದಲ್ಲಿ ಆರೂ ಜೋಡಣೆ ಎಂದು ಬರೆದದ್ದರಿಂದ ಪಕ್ಕದ ಕಟ್ಟಡದ ಪಂಪೂ ಗೊಂದಲವಿಲ್ಲದೆ ಹೋಯಿತು. ಅವರೊಡನೆ ಮಾತುಕತೆ ಉಳಿದಿದೆ.

ಈಗ ಸಾಮಾನ್ಯ ದಿನಗಳಲ್ಲಿ ಬಣ್ಣವಿಲ್ಲ. ಬಂದ್ ಆದ ಮರುದಿನ ಸುಮಾರು ಹತ್ತು ನಿಮಿಷ ಇರುತ್ತದೆ, ಅಷ್ಟನ್ನು ಚೆಲ್ಲುತ್ತೇವೆ, ಗಿಡಗಳಿಗೂ ಗಾಡಿ ತೊಳೆಯುವುದಕ್ಕೂ ಸಾಕು. ಆ ದಿನ ಕುಡಿಯುವ ನೀರು ಕುದಿಸಿ ಎಂದು ಲಿಫ್ಟಿನ ಪಕ್ಕದ ಬೋರ್ಡಿನಲ್ಲಿ ಮೂರು ಭಾಷೆಯಲ್ಲಿ ಬರೆದು ಹಾಕುತ್ತೇವೆ. ಮಕ್ಕಳಿಬ್ಬರೂ ಶಾಲೆಗೆ ಹೋಗುತ್ತಿದ್ದಾರೆ.

ನಾಲ್ಕನೆಯ ಬೇಡಿಕೆಗೆ ಉತ್ತರ ಬಂದಿಲ್ಲ. ನೀರಿನ ಹೊತ್ತೂ ಪ್ರಮಾಣವೂ ಗಲ್ಲಿಯ ಇಂಜಿನಿಯರ್ ಕೈಯಲ್ಲಿಲ್ಲ. ನದಿಯಿಂದ ಎತ್ತುವ ಪ್ರಮಾಣ, ಊರಿನ ಮೇಲಿನ ಟಾಕಿ ತುಂಬುವ ವೇಗ, ಹೊಸದಾಗಿ ಏಳುತ್ತಿರುವ ಗೋಪುರಗಳ ಜೋಡಣೆ ಎಲ್ಲ ಸೇರಿ ಅದನ್ನು ನಿರ್ಧರಿಸುತ್ತವೆ. ಅದಕ್ಕೆ ಒಂದು ಕಟ್ಟಡದ ಪತ್ರ ಸಾಲದು. ಗಲ್ಲಿಯ ಉಳಿದ ಐದು ಕಟ್ಟಡಗಳ ಕಮಿಟಿಗಳಿಗೂ ಆ ನಾಲ್ಕು ಕಾಲಂನ ಹಾಳೆ ಕೊಟ್ಟಿದ್ದೇವೆ. ಮಾರ್ಚ್‌ನ ಹದಿನಾಲ್ಕು ದಿನ ಆರೂ ಕಡೆ ಒಟ್ಟಿಗೆ ಬರೆದಿಡುವುದೆಂದು ಗೊತ್ತಾಗಿದೆ, ಬೇಸಿಗೆಯ ಪತ್ರ ಆ ಆರು ಹಾಳೆಗಳ ಮೇಲೆ ಹೋಗುತ್ತದೆ. ಐದನೆಯ ಕಟ್ಟಡದವರ ಟಾಕಿ ದುಂಡಗಿದೆ, ಅದಕ್ಕೆ ಕೋಲಿನ ಲೆಕ್ಕ ಬೇರೆ. ಅಲ್ಲಿಯ ಸೆಕ್ರೆಟರಿ ನಿನ್ನೆ ಅದನ್ನೇ ಕೇಳಲು ಬಂದಿದ್ದರು.